ಫೈಲ್ ಬೇಗ ಬರುತ್ತೆ, ‘ಅಂತ’ ಮಾತ್ರ ಬರಲ್ಲ

ಪುಣೆಗೆ ಕಟ್ಟಡ ಕೆಲಸಕ್ಕೆ ಬಂದಿರುವ ವಿಜಯಪುರ, ಕಲಬುರಗಿ ಕಡೆಯ ಹೆಣ್ಣುಮಕ್ಕಳನ್ನು ಮಾತಾಡಿಸುವ ಅಧ್ಯಯನದಲ್ಲಿ ಕೆಲಸ ಮಾಡ್ತಿದ್ದೀನಿ. ಮಾತೆಲ್ಲ ಕನ್ನಡದಲ್ಲಿ, ವಿಶ್ಲೇಷಣೆ ಇಂಗ್ಲಿಷಿನಲ್ಲಿ, ಯಾಕಂದ್ರೆ ತಂಡದಲ್ಲಿ ಅರ್ಧ ಜನಕ್ಕೆ ಕನ್ನಡ ಬರಲ್ಲ. ಅದಕ್ಕೇ ಆಡಿಯೊ ಕೊಟ್ರೆ ಇಂಗ್ಲಿಷ್ ಟ್ರಾನ್ಸ್‌ಕ್ರಿಪ್ಟ್ ಮಾಡಿಕೊಡುವ ಊರಿನದೇ ಒಂದು ಸಣ್ಣ ಸಂಸ್ಥೆಯನ್ನ ಸುಮಾರು ಎರಡು ವರ್ಷದಿಂದ ಬಳಸ್ತಿದ್ದೀವಿ. ಹೆಸರು ಬೇಡ. ದರಪಟ್ಟಿ ಎಲ್ಲರದೂ ಒಂದೇ ಥರ, ಆಡಿಯೊ ನಿಮಿಷದ ಲೆಕ್ಕ. ನಾನು ಬರೀತಿರೋದು ಒಂದೇ ಒಂದು ಸಂಕಟದ ಬಗ್ಗೆ.

ಫೈಲ್ ಹೇಳಿದ ದಿನಕ್ಕೆ ಬರುತ್ತೆ. ಫಾಂಟ್ ಚೆಂದ, ಯಾರು ಮಾತಾಡಿದ್ದು ಅನ್ನೋ ಗುರುತು ಸರಿ, ಸಮಯದ ಗುರುತೂ ಇರುತ್ತೆ. ಓದಿದ್ರೆ ಮಾತ್ರ ಗುಂಡಿ ತೋಡೋ ಕೆಲಸ ಮಾಡುವ ಹೆಂಗಸು ಸುದ್ದಿ ವಾಚಕಿಯ ಹಾಗೆ ಮಾತಾಡ್ತಾಳೆ. ತಡವರಿಕೆ ಇಲ್ಲ, ಅರ್ಧಕ್ಕೆ ನಿಂತ ವಾಕ್ಯ ಇಲ್ಲ, ‘ಏನಂದ್ರ’, ‘ಮತ್ತ’, ‘ಅದು… ಇದು…’ ಯಾವುದೂ ಇಲ್ಲ. ಅವರ ಭಾಷೆಯಲ್ಲಿ ಇದಕ್ಕೆ ‘ಕ್ಲೀನ್ ವರ್ಬೇಟಿಮ್’ ಅಂತ ಹೆಸರು. ಆಫೀಸಿನ ಮೀಟಿಂಗಿಗೆ ಅದೇ ಸರಿ, ಸಂಶೋಧನೆಗೆ ಅದು ನಷ್ಟ.

ಒಂದು ಉದಾಹರಣೆ ಕೊಡ್ತೀನಿ. ವಾಕಡ್ ಹತ್ತಿರದ ಒಂದು ಸೈಟಿನಲ್ಲಿ ಹಲಗೆಯಿಂದ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡವರು. ದವಾಖಾನಿ ಖರ್ಚು ಯಾರು ಕೊಟ್ರು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: ‘ದವಾಖಾನಿ ಖರ್ಚ… ಮುಕಾದಮ… ಕೊಟ್ಟಾನಂತ್ರಿ. ನಮ್ಮನಿಯವ್ರ ಕೈಯಾಗ ಕೊಟ್ಟಾನಂತ.’ ಮುಕಾದಮ ಅಂದ್ರೆ ಆಳುಗಳನ್ನ ಕರೆತಂದು ಕೆಲಸ ಮಾಡಿಸುವವ. ಆ ಪದಕ್ಕೂ ಕೊಟ್ಟಾನ ಅನ್ನೋದಕ್ಕೂ ನಡುವೆ ನಾಲ್ಕು ಸೆಕೆಂಡು ಮೌನ. ಪಕ್ಕದಲ್ಲಿ ಅತ್ತೆ ಕೂತಿದ್ರು.

ಬಂದ ಪ್ರತಿಯಲ್ಲಿ ಇದ್ದದ್ದು: ‘ದ ಕಾಂಟ್ರಾಕ್ಟರ್ ಪೇಯ್ಡ್ ದ ಹಾಸ್ಪಿಟಲ್ ಬಿಲ್. ಹಿ ಗೇವ್ ದ ಮನಿ ಟು ಮೈ ಹಸ್ಬೆಂಡ್.’ ತಪ್ಪಿಲ್ಲದ ಇಂಗ್ಲಿಷು. ಇದನ್ನ ಓದಿದ ನಮ್ಮ ಸಹೋದ್ಯೋಗಿ ‘ಚಿಕಿತ್ಸೆಯ ವೆಚ್ಚ ಗುತ್ತಿಗೆದಾರ ಭರಿಸಿದ್ದು’ ಅಂತ ಕೋಡ್, ಅಂದ್ರೆ ವಿಶ್ಲೇಷಣೆಗೆ ವಿಷಯದ ಗುರುತು, ಹಾಕಿದ್ರು. ಓದಿದ್ದಕ್ಕೆ ಸರಿಯಾದ ಕೋಡೇ. ಆದ್ರೆ ಆ ಹೆಂಗಸು ದುಡ್ಡನ್ನ ಕಣ್ಣಿಂದ ನೋಡಿಲ್ಲ. ಕೊನೆಯ ‘ಅಂತ’ ಹೇಳ್ತಿರೋದು ಅದನ್ನೇ: ಇದು ನಂಗೆ ಯಾರೋ ಹೇಳಿದ ಸುದ್ದಿ, ಹೊಣೆ ನಂದಲ್ಲ. ಅದೇ ಸಂದರ್ಶನದಲ್ಲಿ ಅರ್ಧ ಗಂಟೆ ಬಿಟ್ಟು ‘ನಾ ಏನ್ ಕಂಡೀನ್ರಿ’ ಅಂತಲೂ ಅಂದಿದ್ದಾರೆ. ‘ಅಂತ’ ಉಳಿದಿದ್ರೆ ಎರಡೂ ಕೂಡಿ ಒಂದು ಅನುಮಾನ ಆಗ್ತಿತ್ತು. ಅದು ಹೋದ ಮೇಲೆ ಎರಡನೇ ಮಾತು ಸಂಬಂಧ ಇಲ್ಲದ ಗೊಣಗಾಟವಾಯ್ತು. ಇಂಥವು ಹತ್ತು ಕಡೆ ಆದ್ರೆ ವರದಿಯಲ್ಲಿ ಗುತ್ತಿಗೆದಾರರೆಲ್ಲ ಧರ್ಮರಾಯರು.

ಇನ್ನೊಂದು ಕಿರಿಕಿರಿ ಖರ್ಚಿ. ಇಲ್ಲಿನ ಸೈಟುಗಳಲ್ಲಿ ವಾರಕ್ಕೊಮ್ಮೆ ಊಟ, ದಿನಸಿಗೆ ಅಂತ ಕೈಗೆ ಕೊಡುವ ದುಡ್ಡು ಅದು. ಆಮೇಲೆ ಲೆಕ್ಕ ಮಾಡುವಾಗ ಕೂಲಿಯಲ್ಲಿ ಹಿಡ್ಕೋತಾರೆ. ಪ್ರತಿಯಲ್ಲಿ ಅದು ‘ಎಕ್ಸ್‌ಪೆನ್ಸಸ್’ ಆಗಿ, ಕೂಲಿ ಬೇರೆ, ಖರ್ಚು ಬೇರೆ ಸಿಗ್ತಿದೆ ಅನ್ನೋ ಹಾಗೆ ಕಾಣಿಸ್ತು. ನಮ್ಮ ಲೆಕ್ಕದಲ್ಲಿ ಅವರೆಲ್ಲ ಸಾಹುಕಾರರಾಗ್ತಿದ್ರು!

ಫೈಲ್ ಬಂದ ರಾತ್ರಿ ನಂದೊಂದು ನೇಮ ಇದೆ. ಊಟ ಆಗಿ, ಪಾತ್ರೆ ಬಿದ್ದ ಸದ್ದು ನಿಂತ ಮೇಲೆ, ಅಡಿಗೆಮನೆ ಕಟ್ಟೆ ಮೇಲೇ ಲ್ಯಾಪ್‌ಟಾಪ್ ಇಟ್ಟು, ತಂತಿ ಇರೋ ಹಳೇ ಇಯರ್‌ಫೋನ್ ಹಾಕ್ಕೋತೀನಿ. ಬ್ಲೂಟೂತಿನದು ಪದದ ಮೊದಲಕ್ಷರ ನುಂಗುತ್ತೆ. oTranscribe ತೆರೀತೀನಿ. ಪುಕ್ಕಟೆ, ಬ್ರೌಸರಿನಲ್ಲೇ ನಡೆಯುತ್ತೆ, ಆಡಿಯೊ ನಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗಲ್ಲ. Esc ಒತ್ತಿದ್ರೆ ನಿಲ್ಲುತ್ತೆ, F1 ಒತ್ತಿದ್ರೆ ಒಂದಿಷ್ಟು ಹಿಂದಕ್ಕೆ, F3 ಒತ್ತಿದ್ರೆ ಮಾತು ನಿಧಾನ. ಶುರುವಿನ ಐದು ನಿಮಿಷ ಕೇಳಲ್ಲ, ಅಲ್ಲಿ ಎಲ್ಲರೂ ಎಚ್ಚರದಿಂದಿರ್ತಾರೆ, ಟೈಪ್ ಮಾಡುವವರೂ ಕೂಡ. ನಡುವಿನಿಂದ ಐದು ನಿಮಿಷ ತಗೊಂಡು, ಪ್ರತಿಯ ಸಾಲಿನ ಮೇಲೆ ಬೆರಳಿಟ್ಟು ಕೇಳ್ತೀನಿ. ಆಡಿಯೊದಲ್ಲಿ ಮೌನ ಬಂದಾಗ ಬೆರಳಿನ ಕೆಳಗೆ ಏನೂ ಇಲ್ಲದಿದ್ರೆ ಫೈಲ್ ವಾಪಸ್. ಕೇಳದೆಯೂ ಗೊತ್ತಾಗುವ ಒಂದು ಗುರುತು ಇದೆ: ಪುಟ ತಿರುವಿದಾಗ ಪ್ರತಿ ಉತ್ತರವೂ ಪೂರ್ಣವಿರಾಮದಲ್ಲೇ ಮುಗಿದಿದ್ರೆ ಯಾರೋ ತೊಳೆದು ಇಸ್ತ್ರಿ ಮಾಡಿದ್ದಾರೆ ಅಂತಲೇ ಲೆಕ್ಕ.

ಮೊದಲ ವರ್ಷ ಹೀಗೇ ಜಗಳದಲ್ಲಿ ಹೋಯ್ತು. ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ ಅವರು ಇಂಡಿ ತಾಲ್ಲೂಕಿನ ಕಡೆಯ ಒಬ್ಬ ಹೆಣ್ಣುಮಗಳನ್ನ ನಮ್ಮ ಕೆಲಸಕ್ಕೆ ಹಾಕಿದ್ರು. ಆಕೆ ಮೊದಲ ಫೋನಿನಲ್ಲೇ ಕೇಳಿದ ಪ್ರಶ್ನೆ: ‘ಅಕ್ಕಾರ, ಇಂಗ್ಲಿಷ್ ಕುಂಟಿದ್ರ ನಡೀತೈತೇನ್ರಿ?’ ನಡೀತೈತಿ ಅಂದೆ. ಅಲ್ಲಿಂದ ನನ್ನ ಮುಖ ಸಡಿಲವಾಯ್ತು.

ಆಕೆ ಆಡಿಯೊದಿಂದ ನೇರ ಇಂಗ್ಲಿಷಿಗೆ ಹೋಗಲ್ಲ. ಮೊದಲು ಕೇಳಿದ್ದನ್ನ ಕೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೀತಾಳೆ. ‘ಕೊಟ್ಟಾನಂತ್ರಿ’ ಅಂದ್ರೆ ‘ಕೊಟ್ಟಾನಂತ್ರಿ’ಯೇ, ‘ಕೊಟ್ಟಿದ್ದಾನಂತೆ’ ಅಲ್ಲ. ಎದುರಿನ ಕಾಲಂನಲ್ಲಿ ಇಂಗ್ಲಿಷ್, ಮೂರನೆಯದರಲ್ಲಿ ಟಿಪ್ಪಣಿ. ಒಂದು ಸೆಕೆಂಡು ದಾಟಿದ ಮೌನಗಳನ್ನ ಮಾತನ್ನ ಬರೆದಿಡೋದಕ್ಕೆ ಗೇಲ್ ಜೆಫರ್‌ಸನ್ ರೂಪಿಸಿದ ಪದ್ಧತಿಯ ಹಾಗೆ ಕಂಸದೊಳಗೆ ಅಂಕಿಯಲ್ಲಿ ಹಾಕ್ತಾಳೆ. ಆ ಪದ್ಧತಿಯ ಉಳಿದ ಚಿಹ್ನೆಗಳು ನಮಗೆ ಬೇಡ. ಅವು ಮಾತುಕತೆಯ ಕುಸುರಿ ನೋಡುವವರಿಗೆ. ನಮ್ಮದು ವಿಷಯದ ವಿಶ್ಲೇಷಣೆ, ಮೌನ ಮತ್ತು ಅರ್ಧಕ್ಕೆ ಬಿಟ್ಟ ಮಾತು ಸಿಕ್ರೆ ಸಾಕು.

ಅಂಕಿ ಎಲ್ಲಿ ಹಾಕೋದು ಅನ್ನೋದೇ ನಿಜವಾದ ತೊಡಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಕೊಟ್ಟಾನೋ ಇಲ್ಲವೋ ಅನ್ನೋದು ಕಟ್ಟಕಡೆಗೆ. ಹೆಂಗಸು ತಡೆದದ್ದು ಅದರ ಮುಂಚೆ. ಸಲೀಸಾದ ಇಂಗ್ಲಿಷಿನಲ್ಲಿ ‘ಪೇಯ್ಡ್’ ಅನ್ನೋದು ಬಿಲ್ಲಿನ ಮೊದಲೇ ಬಂದುಬಿಡುತ್ತೆ, ಮೌನ ಎಲ್ಲೋ ಬಾಲಕ್ಕೆ ಅಂಟುತ್ತೆ, ಬಿಲ್ ನೆನಪಾಗದೆ ತಡವರಿಸಿದ ಹಾಗೆ ಕಾಣುತ್ತೆ. ಆಕೆ ಕಳಿಸಿದ್ದು ಹೀಗೆ: ‘ದ ಹಾಸ್ಪಿಟಲ್ ಕಾಸ್ಟ್, ದ ಮುಕಾದಮ್ (4) ಹ್ಯಾಸ್ ಪೇಯ್ಡ್, ಇಟ್ ಈಸ್ ಸೆಡ್.’ ಕುಂಟುತ್ತೆ, ಆದ್ರೆ ಮೌನ ಕೂತ ಜಾಗ ಸರಿ. ‘ಮೈ ಹಸ್ಬೆಂಡ್ ಸೇಸ್’ ಅಂತ ಹಾಕಬಹುದಿತ್ತಲ್ಲ ಅಂದ್ರೆ, ‘ಯಾರ್ ಹೇಳಿದ್ರು ಅಂತ ಆಕಿ ಹೇಳಿಲ್ರಿ, ನಾ ಹೆಂಗ ಹೇಳ್ಲಿ’ ಅಂದಳು. ಮುಕಾದಮ, ಖರ್ಚಿ ಹಾಗೇ ಬಿಟ್ಟು ಕೊನೆಗೊಂದು ಪದಪಟ್ಟಿ ಕೊಡ್ತಾಳೆ. ‘ರಿ’ ಬಂದಲ್ಲೆಲ್ಲ ‘ಸರ್’, ‘ಮೇಡಂ’ ಅಂತ ತುಂಬಲ್ಲ, ಟಿಪ್ಪಣಿಯಲ್ಲಿ ಒಂದೇ ಸಲ ಹೇಳಿ ಮುಗಿಸ್ತಾಳೆ.

ಈ ಮೂರು ಕಾಲಮ್ಮಿಗೆ ಮಾಮೂಲಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ದರ, ಎರಡು ಪಟ್ಟು ಕಾಯುವಿಕೆ. ನಮ್ಮ ಅನುದಾನಕ್ಕೆ ಎಲ್ಲವನ್ನೂ ಹೀಗೆ ಮಾಡಿಸೋ ಶಕ್ತಿ ಇಲ್ಲ. ಹಾಗಾಗಿ ಊರು, ವಯಸ್ಸು, ಎಷ್ಟು ವರ್ಷದಿಂದ ಕೆಲಸ ಅನ್ನೋ ಶುರುವಿನ ಭಾಗ ಕ್ಲೀನ್ ಪ್ರತಿಯಲ್ಲೇ ಇರಲಿ ಅಂತ ಬಿಟ್ಟಿದ್ದೀವಿ. ಪೆಟ್ಟು, ದುಡ್ಡು, ಗಂಡ, ಮುಕಾದಮ ಬರುವ ಭಾಗದ ಸಮಯ ಬರೆದು ಕಳಿಸಿ, ಅಷ್ಟನ್ನ ಮಾತ್ರ ಆಕೆಯಿಂದ ಮಾಡಿಸ್ತೀವಿ. ಇಬ್ಬರು ಒಟ್ಟಿಗೆ ಮಾತಾಡಿದ ಕಡೆ ಇವತ್ತಿಗೂ ಒಬ್ಬರದು ಬಿಟ್ಟುಹೋಗುತ್ತೆ. ಹೆಚ್ಚಾಗಿ ಅತ್ತೆಯದೇ.

ಐದಕ್ಕೆ ಮೂರೂವರೆ ನಕ್ಷತ್ರ. ಆದ್ರೆ ಆ ಮೂರೂವರೆ ಆ ಹೆಣ್ಣುಮಗಳಿಗೆ, ಸಂಸ್ಥೆಗಲ್ಲ. ಮುಂಬಯಿ ಹೋಟೆಲುಗಳ ಕುಂದಾಪುರದವರ ಸಂದರ್ಶನಗಳೂ ಈಗ ಶುರುವಾಗಿವೆ. ‘ಅದೂ ಕನ್ನಡವೇ ತಾನೆ, ಕಳಿಸಿ’ ಅಂತಾರೆ ಸಂಸ್ಥೆಯವರು. ‘ನಂಗ ಅರ್ಧ ತಿಳ್ಯಂಗಿಲ್ರಿ, ಅಕ್ಕಾರ’ ಅಂತ ಆಕೆಯೇ ಗುಟ್ಟಾಗಿ ಹೇಳಿದ್ದಾಳೆ. ಆ ಫೈಲುಗಳನ್ನ ಕಳಿಸಿಲ್ಲ, ಕುಂದಾಪುರ ಕಡೆಯವರೊಬ್ಬರನ್ನ ಹುಡುಕ್ತಿದ್ದೀವಿ.