‘ಬರೀ ಗ್ರೀನ್ ಟೀ ಮೇಡಂ’ ಅಂತ ಕೊಟ್ಟ ಕ್ಯಾಪ್ಸೂಲ್‌ನಿಂದ ಅಕ್ಕನಿಗೆ ಕಾಮಾಲೆ

ವಿಜಯನಗರದಲ್ಲಿರುವ ನನ್ನ ಅಕ್ಕ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದಳು. ಕಾರಣ ಕೆಟ್ಟ ನೀರಲ್ಲ, ಹೊರಗಿನ ಊಟವೂ ಅಲ್ಲ. ಜಿಮ್‌ನಲ್ಲಿ ಕೊಟ್ಟ ಫ್ಯಾಟ್ ಬರ್ನರ್ ಕ್ಯಾಪ್ಸೂಲ್. ಈಗ ಹುಷಾರಾಗಿದ್ದಾಳೆ. ಆದರೆ ಇಂಥದ್ದೇ ಡಬ್ಬಿ ಎಷ್ಟೋ ಮನೆಗಳಲ್ಲಿದೆ. ಅದಕ್ಕೇ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಟ್ರೈನರ್ ಮಾರಿದ್ದು ನಾಲ್ಕು ಡಬ್ಬಿಗಳ ಕಿಟ್. ಫ್ಯಾಟ್ ಬರ್ನರ್, ಡಿಟಾಕ್ಸ್ ಟೀ, ಬಿಸಿಎಎ ಪುಡಿ, ಕೊಲಾಜನ್ ಪುಡಿ. ಎಲ್ಲ ಸೇರಿ ಒಂಬತ್ತು ಸಾವಿರಕ್ಕೂ ಜಾಸ್ತಿ. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಎರಡು ಕ್ಯಾಪ್ಸೂಲ್, ಸಂಜೆ ವ್ಯಾಯಾಮಕ್ಕೆ ಮುಂಚೆ ಇನ್ನೆರಡು, ರಾತ್ರಿ ಮಲಗುವಾಗ ಟೀ. ಬೆಳಗಿನ ತಿಂಡಿ ಬಿಡಬೇಕು. ‘ನ್ಯಾಚುರಲ್ ಮೇಡಂ, ಬರೀ ಗ್ರೀನ್ ಟೀ. ಸೈಡ್ ಎಫೆಕ್ಟ್ ಏನೂ ಇಲ್ಲ’ ಅಂತ ಭರವಸೆ ಬೇರೆ.

ಮೊದಲ ವಾರದಲ್ಲೇ ತೂಕ ಎರಡು ಕೆ.ಜಿ. ಇಳಿಯಿತು. ಕ್ಯಾಪ್ಸೂಲ್ ಕೆಲಸ ಮಾಡುತ್ತಿದೆ ಅಂತ ಮನೆಯವರೆಲ್ಲ ನಂಬಿದೆವು. ಆಮೇಲೆ ಗೊತ್ತಾಗಿದ್ದು, ಆ ತೂಕ ಇಳಿಸಿದ್ದು ಟೀ. ಅದರ ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಸೋನಾಮುಖಿ ಅಂತ ಇತ್ತು. ಮಲಬದ್ಧತೆಗೆ ಹಿಂದಿನಿಂದಲೂ ಕೊಡುವ ಭೇದಿ ಎಲೆ ಅದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಸೆನ್ನೊಸೈಡ್ ಅನ್ನು ಒಡೆಯುತ್ತವೆ. ಆಗ ಕರುಳು ಜೋರಾಗಿ ಹಿಂಡಿಕೊಳ್ಳುತ್ತದೆ, ನೀರು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ರಾತ್ರಿ ಕುಡಿದರೆ ಬೆಳಗ್ಗೆ ಹೊಟ್ಟೆ ಖಾಲಿ. ಆದರೆ ಊಟದ ಕ್ಯಾಲೊರಿ ಬಹುಪಾಲು ಅದಕ್ಕೂ ಮುಂಚೆ ಸಣ್ಣ ಕರುಳಿನಲ್ಲೇ ಒಳಗೆ ಹೋಗಿರುತ್ತದೆ. ಹೊರಗೆ ಹೋಗುವುದು ನೀರು, ಮಲ, ಜೊತೆಗೆ ಪೊಟ್ಯಾಸಿಯಂ. ಕೊಬ್ಬು ಇದ್ದಲ್ಲೇ ಇರುತ್ತದೆ. ಅಕ್ಕನಿಗೆ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ ಪೊಟ್ಯಾಸಿಯಂ 3.0ಕ್ಕೆ ಇಳಿದಿತ್ತು. 3.5ಕ್ಕಿಂತ ಕೆಳಗೆ ಹೋಗಬಾರದು, ತುಂಬಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಈ ಕಿಟ್‌ನಲ್ಲಿ ನನಗೆ ಅತಿ ಕೆಟ್ಟದ್ದು ಅನ್ನಿಸಿದ್ದು ಇದೇ. ಟೀ ನೀರು ಇಳಿಸುತ್ತದೆ, ಹೆಸರು ಕ್ಯಾಪ್ಸೂಲ್‌ಗೆ ಹೋಗುತ್ತದೆ. ತಕ್ಕಡಿ ನೋಡಿ ನಂಬಿದವರು ಕ್ಯಾಪ್ಸೂಲ್ ಬಿಡುವುದೇ ಇಲ್ಲ.

ಎರಡನೇ ತಿಂಗಳಲ್ಲಿ ಅಕ್ಕನಿಗೆ ಊಟ ಸೇರದಾಯಿತು. ಒಗ್ಗರಣೆ ವಾಸನೆಗೇ ವಾಕರಿಕೆ. ಮೆಟ್ಟಿಲು ಹತ್ತಿದರೆ ಸುಸ್ತು. ‘ಟಾಕ್ಸಿನ್ ಹೊರಗೆ ಹೋಗ್ತಿದೆ ಮೇಡಂ, ನಿಲ್ಲಿಸಬೇಡಿ’ ಅಂದರು ಟ್ರೈನರ್. ಅವಳು ಮುಂದುವರಿಸಿದಳು. ಕೆಲವೇ ದಿನಕ್ಕೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು, ಮೈಯೆಲ್ಲ ತುರಿಕೆ, ಕಣ್ಣು ಹಳದಿ.

ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎನ್‌ಜೈಮ್ ಎಸ್‌ಜಿಪಿಟಿ. ಅದು ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕು. ಅಕ್ಕನದು ಸಾವಿರ ದಾಟಿತ್ತು. ಕಣ್ಣು ಹಳದಿ ಮಾಡುವ ಬಿಲಿರುಬಿನ್ 6ರ ಮೇಲೆ. ಮೊದಲು ಹೆಪಟೈಟಿಸ್ ಎ, ಇ ನೋಡಿದರು, ನೀರಿನಿಂದ ಬರುವವು. ಆಮೇಲೆ ಬಿ, ಸಿ. ಯಾವುದೂ ಇಲ್ಲ. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲೂ ಇಲ್ಲ. ‘ಏನಾದರೂ ಮಾತ್ರೆ ತಗೋತಿದ್ದೀರಾ?’ ಅಂತ ಡಾಕ್ಟರ್ ಕೇಳಿದಾಗ ಅಕ್ಕ ಇಲ್ಲ ಅಂದಳು. ಅವಳ ಲೆಕ್ಕದಲ್ಲಿ ಅದು ಮಾತ್ರೆಯೇ ಅಲ್ಲ, ಆಹಾರ. ‘ಪುಡಿ, ಕಷಾಯ, ಜಿಮ್‌ನಲ್ಲಿ ಕೊಟ್ಟಿದ್ದು?’ ಅಂತ ಮತ್ತೆ ಕೇಳಿದ ಮೇಲೆ ವಿಷಯ ಹೊರಬಂತು. ನಾನು ಮನೆಗೆ ಹೋಗಿ ಡಬ್ಬಿಗಳನ್ನು ತಂದೆ.

ಡಾಕ್ಟರ್ ಲೇಬಲ್ ಇಟ್ಟುಕೊಂಡು ನಮಗೆ ಲೆಕ್ಕ ಹೇಳಿದರು. ಎರಡು ಕ್ಯಾಪ್ಸೂಲ್‌ನಲ್ಲಿ 1,000 ಮಿಲಿಗ್ರಾಂ ಗ್ರೀನ್ ಟೀ ಎಕ್ಸ್‌ಟ್ರಾಕ್ಟ್. ಅದರಲ್ಲಿ ಶೇ 45ರಷ್ಟು ಇಜಿಸಿಜಿ, ಅಂದರೆ ಗ್ರೀನ್ ಟೀಯಲ್ಲಿರುವ ಮುಖ್ಯ ಕ್ಯಾಟೆಚಿನ್. ಒಂದು ಸಲಕ್ಕೆ 450, ದಿನಕ್ಕೆ ಎರಡು ಸಲ ಅಂದರೆ 900 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಇದನ್ನು ಪರಿಶೀಲಿಸಿ ಹೇಳಿದೆ: ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ತೆಗೆದುಕೊಂಡಾಗ ಲಿವರ್ ಎನ್‌ಜೈಮ್ ಏರುವುದು ಕಂಡುಬಂದಿದೆ. ಎಲೆ ಹಾಕಿ ಮಾಡಿದ ಗ್ರೀನ್ ಟೀ ಕುಡಿಯುವವರಿಗೆ ದಿನಕ್ಕೆ ಸಿಗುವುದು ಸರಾಸರಿ 90ರಿಂದ 300. ಅದೂ ದಿನವಿಡೀ ಸ್ವಲ್ಪ ಸ್ವಲ್ಪವಾಗಿ. ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಇನ್ನೂ ಏರುತ್ತದೆ. ಟೀ ಕುಡಿಯುವವರು ಹೆದರಬೇಕಿಲ್ಲ, ಭಯ ಇರುವುದು ಈ ಸಾಂದ್ರ ಕ್ಯಾಪ್ಸೂಲ್‌ನದ್ದು. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರ ದೇಹದ ಗುಣಕ್ಕೆ 800ಕ್ಕಿಂತ ಕಡಿಮೆಯಲ್ಲೂ ಆಗಿದೆ. ನೀವು ಆ ಕೆಲವರಲ್ಲಿ ಒಬ್ಬರಾ ಅಂತ ಜಿಮ್‌ನಲ್ಲಿ ನಿಂತು ಯಾರೂ ಹೇಳಲಾರರು.

ಚಿಕಿತ್ಸೆ ಅಂದರೆ ಮುಖ್ಯವಾಗಿ ಕ್ಯಾಪ್ಸೂಲ್ ನಿಲ್ಲಿಸಿ ಕಾಯುವುದು. ಊರಿಂದ ನೆಲನೆಲ್ಲಿ ರಸ ತರಿಸೋಣ ಅಂತ ಅಮ್ಮ ಹೊರಟಿದ್ದರು. ಸೊರಗಿದ ಲಿವರ್‌ಗೆ ಸದ್ಯ ಬೇರೇನೂ ಬೇಡ ಅಂತ ಡಾಕ್ಟರ್ ತಡೆದರು. ಅವರು ಮತ್ತೆ ಮತ್ತೆ ನೋಡುತ್ತಿದ್ದದ್ದು ಐಎನ್‌ಆರ್ ಅನ್ನು. ಲಿವರ್ ಕೈಕೊಟ್ಟರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿ ಐಎನ್‌ಆರ್ ಏರುತ್ತದೆ, ರೋಗಿಗೆ ಮಂಪರು ಬರುತ್ತದೆ. ಔಷಧದಿಂದ ಲಿವರ್ ಹೀಗೆ ಪೆಟ್ಟು ತಿಂದು ಕಾಮಾಲೆಯೂ ಬಂದರೆ, ಹತ್ತರಲ್ಲಿ ಸುಮಾರು ಒಬ್ಬರು ಸಾಯುತ್ತಾರೆ ಅಥವಾ ಲಿವರ್ ಕಸಿ ಬೇಕಾಗುತ್ತದೆ ಅಂದರು. ಆ ರಾತ್ರಿಗಳಲ್ಲಿ ನಮ್ಮಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಐಎನ್‌ಆರ್ ಏರಲಿಲ್ಲ. ಎಸ್‌ಜಿಪಿಟಿ ಪೂರ್ತಿ ಇಳಿಯಲು ತಿಂಗಳುಗಳೇ ಹಿಡಿದವು.

ಇಷ್ಟೆಲ್ಲ ಅಪಾಯಕ್ಕೆ ಬದಲಾಗಿ ಸಿಗುವ ಲಾಭವಾದರೂ ಎಷ್ಟು? ತೂಕ ಇಳಿಸಲು ಗ್ರೀನ್ ಟೀ ಉತ್ಪನ್ನಗಳ ಬಗ್ಗೆ ಕಾಕ್ರೇನ್ ಸಂಸ್ಥೆ 2012ರಲ್ಲಿ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿತು. ಜಪಾನ್‌ನ ಹೊರಗೆ ನಡೆದ ಪ್ರಯೋಗಗಳಲ್ಲಿ, ಸುಮಾರು ಮೂರು ತಿಂಗಳಿಗೆ ಸಿಕ್ಕ ಸರಾಸರಿ ವ್ಯತ್ಯಾಸ 40 ಗ್ರಾಂ. ಒಂದು ಲೋಟ ನೀರು ಕುಡಿದರೆ ಇದಕ್ಕಿಂತ ಜಾಸ್ತಿ ತೂಕ ಏರುತ್ತದೆ!

ಉಳಿದ ಎರಡು ಡಬ್ಬಿ ಅಪಾಯದವಲ್ಲ, ದುಡ್ಡು ದಂಡ ಅಷ್ಟೆ. ಬಿಸಿಎಎ ಅಂದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲ. ಸ್ನಾಯು ಕಟ್ಟಲು ಒಂಬತ್ತು ಅಗತ್ಯ ಅಮೈನೊ ಆಮ್ಲಗಳೂ ಬೇಕು. ಮೊಟ್ಟೆ, ಹಾಲು, ಮೊಸರಲ್ಲಿ ಆ ಮೂರೂ ಇವೆ, ಉಳಿದ ಆರೂ ಇವೆ. ಕೊಲಾಜನ್ ಹೊಟ್ಟೆಯಲ್ಲಿ ಒಡೆದು ಅಮೈನೊ ಆಮ್ಲ, ಸಣ್ಣ ಪೆಪ್ಟೈಡ್ ಆಗುತ್ತದೆ, ನೇರವಾಗಿ ಕೆನ್ನೆಗೆ ಹೋಗಿ ಕೂರುವುದಿಲ್ಲ. ಚರ್ಮ ಸ್ವಲ್ಪ ಮೃದುವಾಯಿತು ಅನ್ನುವ ಪ್ರಯೋಗಗಳಿವೆ, ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ದುಡ್ಡು ಹಾಕಿದ್ದು ಮಾರುವ ಕಂಪನಿಗಳೇ.

ನಾವು ಜಿಮ್‌ಗೆ ಹೋಗಿ ಕೇಳಿದಾಗ ಅವರು ತೋರಿಸಿದ್ದು ಡಬ್ಬಿಯ ಮೇಲಿನ ಎಫ್‌ಎಸ್‌ಎಸ್‌ಎಐ ನಂಬರು. ಆ 14 ಅಂಕಿ ಆಹಾರ ವ್ಯಾಪಾರದ ಲೈಸೆನ್ಸ್ ಮಾತ್ರ. ಈ ಕ್ಯಾಪ್ಸೂಲ್ ಕೊಬ್ಬು ಕರಗಿಸುತ್ತದೆ ಅಂತ ಯಾರೋ ಪರೀಕ್ಷೆ ಮಾಡಿದ್ದಾರೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಲೇಬಲ್‌ನಲ್ಲಿ ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಎಷ್ಟು, ಶೇಕಡಾ ಎಷ್ಟು ಇಜಿಸಿಜಿ ಅಂತ ಬರೆದಿಲ್ಲ ಅಂದರೆ, ಬರೀ ‘ಬ್ಲೆಂಡ್’ ಅಂತ ಒಟ್ಟು ತೂಕ ಕೊಟ್ಟಿದ್ದರೆ, ಅದನ್ನು ಮುಟ್ಟಲೇಬೇಡಿ. ಲೆಕ್ಕ ಹಾಕಲು ದಾರಿಯೇ ಇಲ್ಲ.

ಈಗಾಗಲೇ ತಗೋತಿದ್ದು ವಾಕರಿಕೆ, ಸುಸ್ತು, ತುರಿಕೆ, ಗಾಢ ಬಣ್ಣದ ಮೂತ್ರ ಇವುಗಳಲ್ಲಿ ಯಾವುದಾದರೂ ಕಂಡರೆ ಅವತ್ತೇ ನಿಲ್ಲಿಸಿ, ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಕಣ್ಣು ಹಳದಿಯಾಗಿದ್ದರೆ ಟೆಸ್ಟ್‌ಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಡಬ್ಬಿಯನ್ನು ಎಸೆಯಬೇಡಿ, ಡಾಕ್ಟರ್ ಹತ್ತಿರ ಒಯ್ಯಿರಿ. ವಾಸಿಯಾದ ಮೇಲೂ ಅದೇ ಕ್ಯಾಪ್ಸೂಲ್ ಮತ್ತೆ ನುಂಗಬೇಡಿ, ಎರಡನೇ ಸಲ ಲಿವರ್ ಇನ್ನೂ ಬೇಗ ಕೆಡಬಹುದು.