ಆಯಿಯ ಮಾತ್ರೆಗೆ ಆ್ಯಪ್ ಬೇಕಾ, ಬರೀ ಅಲಾರಂ ಸಾಕಾ?

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಗೆದ್ದದ್ದು ಫೋನಿನ ಜೊತೆಗೇ ಬರುವ ಗಡಿಯಾರದ ಅಲಾರಂ. ವರ್ಷದ ಚಂದಾ ಕಟ್ಟಿ ಹಾಕಿಕೊಂಡ ಔಷಧಿ ಆ್ಯಪ್ ಸೋತಿತು. ಗೂಗಲ್ ಕ್ಯಾಲೆಂಡರ್‌ಗೆ ಬೇರೆಯದೇ ಒಂದು ಕೆಲಸ ಸಿಕ್ಕಿತು.

ಆಯಿ ಇರುವುದು ಶಿರಸಿಯಿಂದ ಸ್ವಲ್ಪ ಒಳಗೆ, ತೋಟದ ಮನೆಯಲ್ಲಿ. ನಾನು ಹುಬ್ಬಳ್ಳಿಯಲ್ಲಿ, ಅಣ್ಣ ಬೆಂಗಳೂರಲ್ಲಿ, ತಂಗಿ ಕುಮಟಾದಲ್ಲಿ. ಆಯಿಗೆ ಮೂರು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡಿನದು, ಊಟ-ತಿಂಡಿ ಜೊತೆ ಸಕ್ಕರೆ ಕಾಯಿಲೆಯದು, ರಾತ್ರಿ ಬಿಪಿಯದು. ನೆನಪು ಚೆನ್ನಾಗಿಯೇ ಇದೆ. ಆದರೆ ಕೊಟ್ಟಿಗೆ, ತೋಟ, ಬಂದು ಹೋಗುವವರ ನಡುವೆ ಮಾತ್ರೆ ಹಿಂದೆ ಬೀಳುತ್ತಿತ್ತು.

ಆ್ಯಪ್ ತಗೊಳ್ಳಲು ಕಾರಣ ಒಂದೇ. ಆಯಿ 'ತಗೊಂಡೆ' ಎಂದು ಒತ್ತದಿದ್ದರೆ ನಮ್ಮ ಮೂವರ ಫೋನಿಗೂ ಸೂಚನೆ ಬರುತ್ತದೆ. ಕೇಳಲಿಕ್ಕೆ ಎಷ್ಟು ಚೆಂದ, ಅಲ್ವಾ? ಬೇಸಿಗೆಯಲ್ಲಿ ಚೆಂದವಾಗಿಯೇ ನಡೆಯಿತು. ಮಳೆ ಹಿಡಿದ ಮೇಲೆ ಅದರ ನಿಜವಾದ ಗುಣ ಗೊತ್ತಾಯಿತು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಿಕ್ಕಾಗದು. ಕರೆಂಟ್ ಬಾರದೆ ಜಾಸ್ತಿ ಹೊತ್ತಾದರೆ ಟವರಿನ ಬ್ಯಾಟರಿಯೂ ಖಾಲಿಯಾಗಿ ನೆಟ್‌ವರ್ಕ್ ಹೋಗುತ್ತದೆ. ಆಗಲೂ ಆಯಿಯ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ಅದಕ್ಕೆ ಇಂಟರ್ನೆಟ್ ಬೇಡ. ಆಯಿ ಮಾತ್ರೆ ನುಂಗುತ್ತಾಳೆ, 'ತಗೊಂಡೆ' ಒತ್ತುತ್ತಾಳೆ. ಆದರೆ ಒತ್ತಿದ್ದು ಅವಳ ಫೋನಿನಲ್ಲೇ ಉಳಿಯುತ್ತದೆ. ಆ್ಯಪಿನವರ ಸರ್ವರಿಗೆ ಸುದ್ದಿ ಮುಟ್ಟುವುದಿಲ್ಲ. ಅಲ್ಲಿ ಕಾದು ನೋಡಿ, ಹೊತ್ತು ಮೀರಿತು ಎಂದು ನಮಗೆ 'ಮಾತ್ರೆ ತಪ್ಪಿದೆ' ಎಂಬ ಸೂಚನೆ ಕಳಿಸುತ್ತಾರೆ. ನಾವು ಆಯಿಗೆ ಫೋನ್ ಮಾಡಿದರೆ ಹತ್ತುವುದೇ ಇಲ್ಲ. ಆಮೇಲೆ ಪಕ್ಕದ ಮನೆಯ ಭಾವನ ಲ್ಯಾಂಡ್‌ಲೈನ್‌ಗೆ ಫೋನ್. ಅವರು ಕೊಡೆ ಹಿಡಿದು, ಸಂಕ ದಾಟಿ ಹೋಗಿ ಕೇಳಿದರೆ ಆಯಿ ಆರಾಮಾಗಿ ಕೂತು ಬತ್ತಿ ಹೊಸೆಯುತ್ತಿರುತ್ತಾಳೆ.

ಇದು ಆ್ಯಪ್ ಕೆಟ್ಟಿದ್ದರಿಂದ ಆದದ್ದಲ್ಲ. ಅದರ ಲೆಕ್ಕವೇ ಹಾಗೆ. ಸೂಚನೆ ಒಂದೇ, ಅದರ ಹಿಂದೆ ಮೂರು ಸಂಗತಿ ಇರಬಹುದು. ಮಾತ್ರೆ ತಗೊಂಡೇ ಇಲ್ಲ. ತಗೊಂಡರೂ ಒತ್ತಲಿಲ್ಲ. ಒತ್ತಿದರೂ ನೆಟ್‌ವರ್ಕ್ ಇಲ್ಲ. ದೂರದಲ್ಲಿ ಕೂತವರಿಗೆ ಮೂರೂ ಒಂದೇ ಥರ ಕಾಣುತ್ತವೆ. ನಿಮ್ಮಲ್ಲಿಯೂ ಹೀಗೆ ಆಗುತ್ತಿದ್ದರೆ, ಊರಿಗೆ ಹೋದಾಗ ಅವರ ಫೋನಿನಲ್ಲೇ ಆ್ಯಪಿನ ದಾಖಲೆ ತೆಗೆದು ನೋಡಿ. ಒತ್ತಿದ ಹೊತ್ತು ಸರಿ ಇದ್ದು ನಿಮಗೆ ಮಾತ್ರ 'ತಪ್ಪಿದೆ' ಎಂದು ಬಂದಿದ್ದರೆ ತೊಂದರೆ ನೆಟ್‌ವರ್ಕಿನದು. ಅಮ್ಮನನ್ನು ಬೈದು ಉಪಯೋಗವಿಲ್ಲ.

ಸುಳ್ಳು ಸೂಚನೆಗಿಂತ ದೊಡ್ಡ ಹಾನಿ ಅದರ ನಂತರದ್ದು. ಅಣ್ಣ ಕೆಲವು ದಿನ ನೋಡಿ ಆ ಆ್ಯಪಿನ ಸದ್ದು ನಿಲ್ಲಿಸಿಬಿಟ್ಟ. ತಂಗಿ ಸೂಚನೆ ಬಂದರೆ 'ನೆಟ್‌ವರ್ಕ್ ಇರಲಿಕ್ಕಿಲ್ಲ' ಎಂದುಕೊಳ್ಳಲು ಶುರು ಮಾಡಿದಳು. ಅಂದರೆ ಒಂದು ದಿನ ಮಾತ್ರೆ ನಿಜವಾಗಿ ತಪ್ಪಿದರೂ ಮೂವರೂ ಸುಮ್ನೆ ಇರುತ್ತೇವೆ. ಇದಕ್ಕೆ ದುಡ್ಡು ಯಾಕೆ ಕೊಡಬೇಕು?

ಆ್ಯಪಿಗೆ ಇನ್ನೊಂದು ತೊಡಕು ಇದೆ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಫೋನ್‌ಗಳು ಸುಮ್ನೆ ಬಿದ್ದಿರುವಾಗ ಆ್ಯಪ್‌ಗಳನ್ನು ಮಲಗಿಸುತ್ತವೆ. ಗಡಿಯಾರದ ಅಲಾರಂಗೆ ಇದರಿಂದ ವಿನಾಯಿತಿ ಇದೆ. ಬೇರೆ ಆ್ಯಪ್‌ಗಳಿಗೆ ನಾವೇ ಒಪ್ಪಿಗೆ ಕೊಡಬೇಕು. ಸೆಟಿಂಗ್ಸ್‌ನಲ್ಲಿ ಆ ಆ್ಯಪಿನ `Battery` ಒಳಗೆ `Unrestricted`, ಮತ್ತೆ `Alarms & reminders` ಒಳಗೆ ಅನುಮತಿ. ಕೆಲವು ಕಂಪನಿಗಳ ಫೋನಿನಲ್ಲಿ `Autostart` ಅಂತ ಮತ್ತೊಂದು. ಕೈಯಲ್ಲಿ ಹಿಡಿದು ಐದು ನಿಮಿಷದ ನಂತರಕ್ಕೆ ಇಟ್ಟು ಪರೀಕ್ಷಿಸಿದರೆ ಯಾವಾಗಲೂ ಹೊಡೆಯುತ್ತದೆ, ಏಕೆಂದರೆ ಫೋನ್ ಆಗ ಎಚ್ಚರವಾಗಿಯೇ ಇರುತ್ತದೆ. ಚಾರ್ಜರ್ ತೆಗೆದು, ರಾತ್ರಿಯೆಲ್ಲ ಮುಟ್ಟದೆ ಇಟ್ಟು, ಬೆಳಿಗ್ಗೆ ಹೊಡೆಯುತ್ತದಾ ನೋಡಬೇಕು. ಅದು ಸರಿಯಾದ ಪರೀಕ್ಷೆ.

ಈಗ ಗೆದ್ದವನ ಕತೆ. ಗಡಿಯಾರದ ಆ್ಯಪಿನಲ್ಲಿ ವಾರದ ಏಳೂ ದಿನಕ್ಕೆ ಒಂದೊಂದು ಮಾತ್ರೆಗೆ ಒಂದೊಂದು ಅಲಾರಂ. ಆಯಿ ಕನ್ನಡಕ ಹುಡುಕಿ ಪರದೆ ಓದುವುದಿಲ್ಲ. ಹಾಗಾಗಿ ತಂಗಿಯ ಮಗಳ ಧ್ವನಿ ರೆಕಾರ್ಡ್ ಮಾಡಿ ಅದನ್ನೇ ಅಲಾರಂ ಸದ್ದಾಗಿ ಇಟ್ಟೆವು. 'ಅಮ್ಮಮ್ಮಾ, ಥೈರಾಯ್ಡ್ ಮಾತ್ರೆ. ಕಷಾಯ ಆಮೇಲೆ!' ಗೂಗಲ್‌ನ ಗಡಿಯಾರದಲ್ಲಿ ಅಲಾರಂ ಸದ್ದು ಆರಿಸುವಲ್ಲಿ ನಮ್ಮದೇ ಫೈಲ್ ಸೇರಿಸಬಹುದು. ಆ ಫೈಲ್ ಅಳಿಸಬೇಡಿ, ಅಷ್ಟೇ. ಅಲಾರಂ ಸದ್ದಿನ ಮಟ್ಟ ರಿಂಗ್‌ಟೋನಿನ ಮಟ್ಟಕ್ಕಿಂತ ಬೇರೆ. ಅದನ್ನು ಪೂರ್ತಿ ಏರಿಸಿ. `Silence after` ಎಂಬಲ್ಲಿ ಹೊತ್ತನ್ನು ಹೆಚ್ಚಿಸಿ, ಇಲ್ಲದಿದ್ದರೆ ಆಯಿ ಕೊಟ್ಟಿಗೆಯಲ್ಲಿ ಇರುವಾಗಲೇ ಅದು ತನ್ನಷ್ಟಕ್ಕೆ ನಿಂತುಬಿಡುತ್ತದೆ.

ಕಷಾಯದ ಮಾತು ಯಾಕೆ ಬಂತೆಂದರೆ, ಥೈರಾಯ್ಡಿನ ಮಾತ್ರೆಯನ್ನು ನೀರಿನ ಜೊತೆ ಮಾತ್ರ ತಗೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಬೇರೇನೂ ತಗೊಳ್ಳಬಾರದು. ಚಹಾ, ಕಾಫಿ, ಹಾಲು ಮಾತ್ರೆ ಮೈಗೆ ಹಿಡಿಯುವುದನ್ನು ತಗ್ಗಿಸುತ್ತವೆ. ನಮ್ಮ ಮನೆಯಲ್ಲಿ ಎದ್ದ ಕೂಡಲೇ ಹಾಲು ಹಾಕಿದ ಕಷಾಯ. ಮೊದಲಿನ ಅಲಾರಂ ಆರೂವರೆಗೆ ಇತ್ತು, ಅಷ್ಟೊತ್ತಿಗೆ ಕಷಾಯ ಆಗಿ ಹೋಗಿರುತ್ತಿತ್ತು. ಈಗ ಐದೂಕಾಲಿಗೆ. ಆಯಿ ಹಾಸಿಗೆ ಬಿಡುವ ಹೊತ್ತು ಅದು. ಕಷಾಯಕ್ಕೆ ಬೇರೆ ಅಲಾರಂ ಆರೂಕಾಲಿಗೆ. ನಗಬೇಡಿ, ಹೆಚ್ಚು ಕೆಲಸ ಮಾಡಿದ್ದು ಅದೇ.

ಸಕ್ಕರೆ ಕಾಯಿಲೆಯ ಮಾತ್ರೆಯದು ಇದಕ್ಕಿಂತ ಸೂಕ್ಷ್ಮ. ಆಯಿಯ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆ. ಅದನ್ನು ನುಂಗಿ ಊಟ ಮಾಡದಿದ್ದರೆ ಸಕ್ಕರೆ ತೀರ ಇಳಿದು ಬೆವರು, ನಡುಕ, ತಲೆ ಸುತ್ತು ಬರಬಹುದು. ಅಲಾರಂಗೆ ಗಂಟೆ ಗೊತ್ತು, ಊಟ ಗೊತ್ತಿಲ್ಲ. ಏಕಾದಶಿ ದಿನವೂ ಹೊಡೆಯುತ್ತದೆ. ಯಾರದ್ದೋ ಮನೆಯ ಸತ್ಯನಾರಾಯಣ ವ್ರತದಲ್ಲಿ ಊಟ ಎರಡೂವರೆಗೆ ಆದರೂ ಒಂದಕ್ಕೇ ಹೊಡೆಯುತ್ತದೆ. ಆ್ಯಪ್ ಇದ್ದಾಗ ಇನ್ನೂ ಕಷ್ಟ. ನಮಗೆ 'ತಪ್ಪಿದೆ' ಎಂದು ಹೋಗಬಾರದು ಅಂತ ಆಯಿ ಊಟಕ್ಕೆ ಮೊದಲೇ ನುಂಗಿ ಒತ್ತುತ್ತಿದ್ದಳು. ಈಗ ಆ ಅಲಾರಂನಲ್ಲಿ ಮಗು ಹೇಳುವುದು, 'ಬಾಳೆಗೆ ಬಡಿಸಿದ ಮೇಲೆ ಮಾತ್ರೆ.' ಉಪವಾಸದ ದಿನ ಏನು ಮಾಡಬೇಕೆಂದು ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಂಡಿದ್ದೇವೆ. ನೀವೂ ನಿಮ್ಮ ಡಾಕ್ಟರನ್ನೇ ಕೇಳಿ, ಮಾತ್ರೆಯಿಂದ ಮಾತ್ರೆಗೆ ಅದು ಬೇರೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ತಗೊಳ್ಳುವುದಂತೂ ಬೇಡ.

ಮತ್ತೆ ಮತ್ತೆ ಹೊಡೆಯುವ ಅಲಾರಂಗೂ ಒಂದು ಅಪಾಯ ಇದೆ. ಮಾತ್ರೆ ನುಂಗಿ, ಸದ್ದು ನಿಲ್ಲಿಸಲು ಹೋಗಿ ಸ್ನೂಜ್ ಒತ್ತಿದರೆ ಹತ್ತು ನಿಮಿಷಕ್ಕೆ ಮತ್ತೆ ಶುರು. ಆಗ 'ಅಯ್ಯೋ, ತಗೊಂಡೆನಾ ಇಲ್ವಾ' ಎಂಬ ಅನುಮಾನ. ಇದಕ್ಕೆ ಫೋನಿನಲ್ಲಿ ಉತ್ತರ ಇಲ್ಲ. ವಾರದ ಖಾನೆಗಳಿರುವ ಮಾತ್ರೆ ಡಬ್ಬಿಯಲ್ಲಿ ಇದೆ. ಖಾನೆ ಖಾಲಿ ಇದ್ದರೆ ಮಾತ್ರೆ ಆಗಿದೆ ಎಂದು ಅರ್ಥ. ಆದರೆ ಆಷಾಢದಲ್ಲಿ ಬಿಡಿ ಮಾತ್ರೆ ಡಬ್ಬಿಗೆ ಹಾಕಿದರೆ ನಮ್ಮ ಕಡೆಯ ಥಂಡಿಗೆ ಪಸೆ ಹಿಡಿಯುತ್ತದೆ. ಸ್ಟ್ರಿಪ್ಪನ್ನೇ ಕತ್ತರಿಯಿಂದ ಕತ್ತರಿಸಿ, ಒಂದೊಂದು ತುಂಡನ್ನು ಒಂದೊಂದು ಖಾನೆಗೆ ಹಾಕಿ. ಚೂಪು ಮೂಲೆಯನ್ನೂ ಕತ್ತರಿಸಿ, ಹೊದಿಕೆ ಸಮೇತ ನುಂಗಬಾರದೆಂದು ಹೇಳಿಡಿ. ಆಯಿಯ ಥೈರಾಯ್ಡ್ ಮಾತ್ರೆ ಬಾಟಲಿಯಲ್ಲಿ ಬರುತ್ತದೆ, ಬೆಳಕು-ಪಸೆ ಎರಡೂ ಅದಕ್ಕೆ ಆಗದು, ಹಾಗಾಗಿ ಬಾಟಲಿಯಲ್ಲೇ ಇದೆ. ಅದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು.

ಹಾಗಾದರೆ ನಮಗೆ ಸುದ್ದಿ ಹೇಗೆ? ವಾಟ್ಸಾಪ್ ಗುಂಪು. ಬೆಳಗಿನ ತಿಂಡಿ ಆದ ಮೇಲೆ ಆಯಿ ಒಂದು ಧ್ವನಿ ಸಂದೇಶ ಹಾಕುತ್ತಾಳೆ. 'ಮಾತ್ರೆ ಆತು ತಮಾ, ಏಳೂಮುಕ್ಕಾಲು.' ಹೊತ್ತು ಹೇಳಿಸುವುದು ಯಾಕೆಂದರೆ ನೆಟ್‌ವರ್ಕ್ ಇಲ್ಲದಿದ್ದರೆ ಸಂದೇಶ ತಡವಾಗಿ ಬರುತ್ತದೆ. ರಾತ್ರಿಯೂ ಹೀಗೇ. ಒಂಬತ್ತೂವರೆಯೊಳಗೆ ಬಾರದಿದ್ದರೆ ಫೋನ್ ಮಾಡುವುದು ತಂಗಿ ಒಬ್ಬಳೇ. ಮೂವರಿಗೂ ಸೂಚನೆ ಹೋಗುವಾಗ ಒಂದೋ ಮೂವರೂ ಫೋನ್ ಮಾಡುತ್ತಿದ್ದೆವು, ಇಲ್ಲವೋ ಮತ್ತೊಬ್ಬರು ಮಾಡಿರುತ್ತಾರೆ ಎಂದು ಯಾರೂ ಮಾಡುತ್ತಿರಲಿಲ್ಲ. ಧ್ವನಿಯಲ್ಲಿ ಇನ್ನೊಂದು ಲಾಭ. ಆಯಿಗೆ ಸುಸ್ತಾಗಿದೆಯಾ, ಶೀತ ಆಗಿದೆಯಾ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಗೂಗಲ್ ಕ್ಯಾಲೆಂಡರ್ ದಿನದ ಮಾತ್ರೆಗೆ ಆಗದು. ಒಮ್ಮೆ ಟಿಣ್ ಅಂದು ಸುಮ್ಮನಾಗುತ್ತದೆ, ತಗೊಂಡದ್ದು ಯಾರಿಗೂ ತಿಳಿಯದು. ಹಂಚಿಕೊಂಡ ಕ್ಯಾಲೆಂಡರಿನಲ್ಲೂ ಸೂಚನೆ ಬೇಕೆಂದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಹಾಕಿಕೊಳ್ಳಬೇಕು. ಆದರೆ ಗಡಿಯಾರದ ಅಲಾರಂ ಮತ್ತೆ ಮತ್ತೆ ಹೊಡೆಯುವುದು ವಾರದ ಲೆಕ್ಕದಲ್ಲಿ, ಇದು ತಿಂಗಳು ಎಣಿಸುತ್ತದೆ. ಮಾತ್ರೆ ಮುಗಿಯುವ ತಾರೀಕು, ಡಾಕ್ಟರ ಹತ್ತಿರ ಹೋಗುವ ದಿನ, ರಕ್ತ ಪರೀಕ್ಷೆ ಎಲ್ಲ ಇದರಲ್ಲಿ. ಮಾತ್ರೆ ಮುಗಿಯುವುದಕ್ಕೆ ಒಂದು ವಾರ ಮೊದಲೇ ಇಟ್ಟಿದ್ದೇವೆ, ಮಳೆಗಾಲದಲ್ಲಿ ಪೇಟೆಗೆ ಹೋಗುವುದು ನಮ್ಮ ಕೈಯಲ್ಲಿ ಇರುವುದಿಲ್ಲವಲ್ಲ.

ಆ್ಯಪ್ ಯಾರಿಗೂ ಬೇಡ ಎನ್ನುತ್ತಿಲ್ಲ. ಕಾರವಾರ ಪೇಟೆಯಲ್ಲಿ ಇದ್ದು, ಮನೆಯಲ್ಲಿ ವೈಫೈ ಮತ್ತು ಇನ್ವರ್ಟರ್ ಇದ್ದು, ದಿನಕ್ಕೆ ಏಳೆಂಟು ಮಾತ್ರೆ ಇರುವವರಿಗೆ ಅದರ ದಾಖಲೆ ಉಪಯೋಗಕ್ಕೆ ಬರುತ್ತದೆ. ಡಾಕ್ಟರಿಗೂ ತೋರಿಸಬಹುದು. ನಮ್ಮದು ಮೂರು ಮಾತ್ರೆ, ಹೋಗಿ ಬರುವ ಕರೆಂಟು, ಮಾತಾಡಲು ಇಷ್ಟಪಡುವ ಆಯಿ. ಚಂದಾ ಮುಂದಿನ ತಿಂಗಳು ಮುಗಿಯುತ್ತದೆ, ಮತ್ತೆ ಕಟ್ಟುವುದಿಲ್ಲ. ಆ ದುಡ್ಡಿಗೆ ಒಂದು ಪವರ್ ಬ್ಯಾಂಕ್ ತರುತ್ತೇವೆ. ಫೋನೇ ಸತ್ತು ಮಲಗಿದರೆ ಯಾವ ಅಲಾರಂ ಹೊಡೆಯುತ್ತದೆ?