ಗಿಂಪ್‌ನ ಹೀಲ್ ಟೂಲ್: ಬಹಳ ದಿನ ಬಳಸಿದ ಮೇಲೆ ಫೋಟೋ ಕ್ಲಬ್ಬಿನವರಿಗೆ ನಾಲ್ಕು ಮಾತು

ಗೆಳೆಯರೇ, ಫೋಟೋ ತಿದ್ದುವುದು ಯಾವಾಗ ಸರಿ, ಯಾವಾಗ ತಪ್ಪು ಅಂತ ಕ್ಲಬ್ಬಿನಲ್ಲಿ ಸ್ವಲ್ಪ ಹೊತ್ತು ಮಾತಾಡಿ ಎಂದು ಕೇಳಿದ್ದೀರಿ. ಇಡೀ ಗಿಂಪ್ ಬಗ್ಗೆ ಹೇಳಲು ಹೋಗುವುದಿಲ್ಲ. ಅದು ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಇದೆಲ್ಲ ನಿಮಗೆ ಗೊತ್ತೇ ಇದೆ. ದಾವಣಗೆರೆಯ ಒಂದು ಚಿಕ್ಕ ಸ್ಟುಡಿಯೋದಲ್ಲಿ ಕೆಲಸ ಮಾಡುವ ನನಗೆ ತಿಂಗಳು ತಿಂಗಳು ಚಂದಾ ಕಟ್ಟುವ ಸಾಫ್ಟ್‌ವೇರ್ ಕೈಗೆಟುಕಲಿಲ್ಲ. ಹಾಗಾಗಿ ಗಿಂಪ್ ಹಿಡಿದೆ. ಹಿಡಿದ ಮೇಲೆ ಅದರ ಒಂದು ಟೂಲ್ ನನ್ನನ್ನು ಕಟ್ಟಿಹಾಕಿತು. ಬ್ಯಾಂಡೇಜಿನ ಚಿತ್ರ ಇರುವ ಹೀಲ್ ಟೂಲ್ ಅದು. ಕೀಬೋರ್ಡಿನಲ್ಲಿ `H` ಒತ್ತಿದರೆ ಸಾಕು.

ಬೆಳಿಗ್ಗೆ ಕೂತ ತಕ್ಷಣ ನನ್ನ ಮೊದಲ ಕೆಲಸ ಧೂಳು ತೆಗೆಯುವುದು. ಲೆನ್ಸ್ ಬದಲಿಸುವಾಗ ಸೆನ್ಸರ್ ಮೇಲೆ ಕೂತ ಕಣಗಳು ಆಕಾಶದಲ್ಲಿ ಮಸುಕು ಮಸುಕಾದ ಬೂದು ಚುಕ್ಕೆಗಳಾಗಿ ಕಾಣುತ್ತವೆ. ಎಫ್/16ರಲ್ಲಿ ತೆಗೆದರೆ ಎದ್ದು ಕಾಣುತ್ತವೆ, ಎಫ್/2.8ರಲ್ಲಿ ಬಹುತೇಕ ಮಾಯ. ಎಲ್ಲ ಫೋಟೋದಲ್ಲೂ ಅದೇ ಜಾಗದಲ್ಲಿ ಇದ್ದರೆ ಅದು ಸೆನ್ಸರಿನ ಧೂಳು, ಅನುಮಾನವೇ ಬೇಡ. ಮೊದಲು `Shift+Ctrl+D` ಒತ್ತಿ ಲೇಯರಿನ ನಕಲು ಮಾಡಿಕೊಳ್ಳುತ್ತೇನೆ. ಬ್ರಷ್ ಚುಕ್ಕೆಗಿಂತ ಒಂಚೂರು ದೊಡ್ಡದಿರಬೇಕು. ಪಕ್ಕದಲ್ಲೇ ಶುದ್ಧವಾಗಿರುವ ಆಕಾಶದ ಮೇಲೆ `Ctrl` ಹಿಡಿದು ಒಂದು ಕ್ಲಿಕ್, ಆಮೇಲೆ ಚುಕ್ಕೆಯ ಮೇಲೆ ಒಂದು ಕ್ಲಿಕ್. ಚುಕ್ಕೆ ಹೋಯಿತು. ಚಹಾ ಆರುವಷ್ಟರಲ್ಲಿ ಒಂದು ಫೋಟೋ ಸ್ವಚ್ಛ. ಈ ಕೆಲಸ ನನಗೆ ಇವತ್ತಿಗೂ ಬೇಜಾರಾಗಿಲ್ಲ.

ಹೀಲ್ ಏನು ಮಾಡುತ್ತದೆ ಅನ್ನೋದು ಸ್ವಲ್ಪ ಗೊತ್ತಿರಬೇಕು. ಅದರ ಪಕ್ಕದಲ್ಲೇ ಇರುವ ಕ್ಲೋನ್ ಟೂಲ್ ಒಂದು ಕಡೆಯ ಪಿಕ್ಸೆಲ್‌ಗಳನ್ನು ಇನ್ನೊಂದು ಕಡೆ ಹಾಗೇ ತಂದು ಅಂಟಿಸುತ್ತದೆ. ಹೀಲ್ ಹಾಗಲ್ಲ. ನೀವು ತೋರಿಸಿದ ಜಾಗದಿಂದ ಮೇಲ್ಮೈಯ ತರಿಯನ್ನು ಮಾತ್ರ ತರುತ್ತದೆ. ಬಣ್ಣ ಮತ್ತು ಬೆಳಕನ್ನು ತಿದ್ದುವ ಜಾಗಕ್ಕೆ ಹೊಂದಿಸಿಕೊಳ್ಳುತ್ತದೆ. ಅದಕ್ಕೇ ತೇಪೆ ಕಾಣುವುದಿಲ್ಲ. ಆದರೆ ಎರಡೂ ಟೂಲ್‌ಗಳಿಗೆ ಒಂದು ವಿಷಯ ತಿಳಿಯದು. ಆ ಕಲೆಯ ಅಡಿಯಲ್ಲಿ ನಿಜವಾಗಿ ಏನಿತ್ತು ಅನ್ನೋದು ಅವಕ್ಕೆ ಗೊತ್ತಿಲ್ಲ. ಅದು ತಿದ್ದುವವರಿಗೆ ಗೊತ್ತಿರಬೇಕು.

ಹೊಳಲ್ಕೆರೆ ಕಡೆಯವರೊಬ್ಬರು ತಂದೆ ತಾಯಿಯ ಮದುವೆ ಫೋಟೋ ತಂದಿದ್ದರು. ಕಪ್ಪು ಬಿಳುಪು. ಟ್ರಂಕಿನಲ್ಲಿ ಮಡಿಸಿಟ್ಟು ಮಡಿಕೆಯ ಬಿಳಿ ಗೆರೆ ಗಂಡಿನ ಮುಖದಿಂದ ಹೆಣ್ಣಿನ ಭುಜದವರೆಗೆ ಓಡಿತ್ತು. ಹಿಂದಿನ ಪರದೆಯ ತುಂಬ ಬೂಷ್ಟಿನ ಚುಕ್ಕೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಪರದೆಯ ಚುಕ್ಕೆಗಳು ಹೀಲ್‌ಗೆ ಸುಲಭದ ತುತ್ತು. ಕೆನ್ನೆಯ ಮೇಲಿನ ಗೆರೆಯನ್ನು ಒಂದೇ ಎಳೆತಕ್ಕೆ ಅಳಿಸಲಿಲ್ಲ. ಚಿಕ್ಕ ಚಿಕ್ಕ ಕ್ಲಿಕ್, ಪ್ರತಿ ಸಲ ಪಕ್ಕದ ಬೇರೆ ಬೇರೆ ಜಾಗದಿಂದ ತರಿ. ಸೀರೆಯ ಅಂಚಿಗೆ ಬಂದಾಗ ಹೀಲ್ ಕೈಕೊಡುತ್ತದೆ. ಕಡುಗಪ್ಪು ಅಂಚು, ಬಿಳಿ ಒಡಲು ಎರಡೂ ಒತ್ತೊತ್ತಾಗಿ ಇರುವಲ್ಲಿ ಅದು ಎರಡನ್ನೂ ಕಲಸಿ ಬೂದು ಮಾಡಿಬಿಡುತ್ತದೆ. ಅಲ್ಲಿ ಕ್ಲೋನ್ ಬೇಕು. ಅಂಚಿನ ಗೆರೆಯ ಮೇಲೇ ಮೂಲ ಹಿಡಿದು ಅದೇ ಗೆರೆಯ ಗುಂಟ ಎಳೆಯಬೇಕು. ಇಷ್ಟರವರೆಗೆ ನನಗೆ ಯಾವ ಅಳುಕೂ ಇರಲಿಲ್ಲ. ಮಡಿಕೆ ಕಾಗದದ್ದು, ಬೂಷ್ಟು ಟ್ರಂಕಿನದು. ಆ ಮದುವೆಗೂ ಅವಕ್ಕೂ ಸಂಬಂಧವಿಲ್ಲ.

ತೊಡಕು ಬಂದದ್ದು ಕಣ್ಣಿನ ಹತ್ತಿರ. ಮಡಿಕೆ ಗಂಡಿನ ಒಂದು ಕಣ್ಣಿನ ಮೇಲೇ ಹೋಗಿತ್ತು, ಅಲ್ಲಿ ಕಾಗದದ ಪದರವೇ ಎದ್ದುಹೋಗಿತ್ತು. "ಇನ್ನೊಂದು ಕಣ್ಣನ್ನೇ ತಿರುಗಿಸಿ ಇಟ್ಟುಬಿಡಿ ಮೇಡಂ, ಎರಡೂ ಒಂದೇ ತರ ಅಲ್ವಾ" ಅಂದರು. ಒಂದೇ ತರ ಇರುವುದಿಲ್ಲ. ದೀಪ ಒಂದು ಕಡೆಯಿಂದ ಬಿದ್ದಿರುತ್ತದೆ. ಕಣ್ಣು ತಿರುಗಿಸಿದರೆ ಅದರೊಳಗಿನ ಹೊಳಪಿನ ಚುಕ್ಕೆಯೂ ತಿರುಗಿ ತಪ್ಪು ಕಡೆ ಕೂರುತ್ತದೆ. ಅದನ್ನೂ ತಿದ್ದಬಹುದು ಅನ್ನಿ. ಆದರೂ ಅದು ಅವರ ಅಪ್ಪನ ಕಣ್ಣಲ್ಲ, ನಾನು ಮಾಡಿದ ಕಣ್ಣು. ರೆಪ್ಪೆಯ ಗೆರೆ ಎರಡೂ ಕಡೆ ಉಳಿದಿತ್ತು, ಅದನ್ನು ಕೂಡಿಸಿದೆ. ಮಿಕ್ಕದ್ದನ್ನು ಮಸುಕಾಗಿಯೇ ಬಿಟ್ಟೆ. ಏಕೆ ಬಿಟ್ಟೆ ಅಂತ ಅವರಿಗೆ ಹೇಳಿದೆ. ಸ್ಕ್ಯಾನ್ ಆದ ಹಾಗೇ ಒಂದು ಪ್ರಿಂಟ್, ತಿದ್ದಿದ್ದು ಒಂದು ಪ್ರಿಂಟ್, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕೊಟ್ಟೆ.

ಆದರೆ ಬರಬರುತ್ತಾ ಇದೇ ಟೂಲ್ ಬಗ್ಗೆ ನನಗೆ ಕಸಿವಿಸಿಯೂ ಶುರುವಾಯಿತು. ಕಾರಣ ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗಳು. ಮೊಡವೆ ತೆಗೆಯಿರಿ ಅಂದರೆ ಖುಷಿಯಿಂದ ತೆಗೆಯುತ್ತೇನೆ. ಮುಂದಿನ ವಾರ ಅದು ತಾನಾಗಿ ಹೋಗುತ್ತದೆ, ಫೋಟೋದಲ್ಲಿ ಮಾತ್ರ ಶಾಶ್ವತವಾಗಿ ಯಾಕಿರಬೇಕು? ಆದರೆ ಹುಬ್ಬಿನ ಮೇಲಿನ ಗಾಯದ ಗುರುತು, ಗಲ್ಲದ ಮಚ್ಚೆ ತೆಗೆಯಿರಿ ಅನ್ನುತ್ತಾರೆ. ಬಣ್ಣ ಎರಡು ಸುತ್ತು ತಿಳಿ ಮಾಡಿ ಅನ್ನುತ್ತಾರೆ. ಹುಡುಗಿ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿರುತ್ತಾಳೆ. ನನಗೆ ತುಂಬಾ ನೋವಾಗುತ್ತದೆ. ಆ ಫೋಟೋ ನೋಡಿ ಯಾರೋ ಒಂದು ತೀರ್ಮಾನ ತೆಗೆದುಕೊಳ್ಳುತ್ತಾರೆ. ಆಮೇಲೆ ಮುಖಾಮುಖಿ ಕೂತಾಗ ಅವಮಾನ ಆಗುವುದು ಅವಳಿಗೆ. ಗುರುತು ಜಾಸ್ತಿ ಎದ್ದು ಕಾಣುತ್ತದೆ ಅನಿಸಿದರೆ ಅಷ್ಟನ್ನು ನಕಲು ಲೇಯರಿನಲ್ಲಿ ಹೀಲ್ ಮಾಡಿ, ಆ ಲೇಯರಿನ `Opacity` 40ರ ಹತ್ತಿರ ಇಳಿಸುತ್ತೇನೆ. ಗುರುತು ಇರುತ್ತದೆ, ಫ್ಲ್ಯಾಶ್ ಬೆಳಕು ಅದಕ್ಕೆ ಕೊಟ್ಟ ಅಬ್ಬರ ಕಡಿಮೆಯಾಗುತ್ತದೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಈಗ ನಿಮ್ಮ ಕ್ಲಬ್ಬಿನದೇ ಒಂದು ಚಿತ್ರ. ಚಿತ್ರದುರ್ಗ ಕೋಟೆಯ ಮೇಲಿಂದ ಸಂಜೆ ತೆಗೆದದ್ದು. ಮುಂದೆ ಬಂಡೆ, ನಡುವೆ ಮಂಟಪ, ದೂರದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ. ಗಾಳಿಯಂತ್ರ ತೆಗೆದರೆ ಹೇಗೆ ಅಂತ ಕೇಳಿದಿರಿ. ತೆಗೆಯುವುದು ಕಷ್ಟವೇನಲ್ಲ. ರೆಕ್ಕೆಗಳು ಸಪಾಟಾದ ಆಕಾಶದ ಮುಂದಿವೆ, ಹೀಲ್‌ಗೆ ಹೋಗುತ್ತವೆ. ಕಂಬ ಗುಡ್ಡದ ಅಂಚಿಗೆ ತಾಗುವಲ್ಲಿ ಮಾತ್ರ ಕ್ಲೋನ್. ಆದರೆ ತೆಗೆದಾದ ಮೇಲೆ ಅದು ಪಾಳೆಗಾರರ ಕಾಲದ ನೋಟದ ಹಾಗೆ ಕಾಣುತ್ತದೆ. ಅದರ ಕೆಳಗೆ "ಕೋಟೆಯಿಂದ ಕಾಣುವ ನೋಟ" ಅಂತ ಬರೆದು ಸ್ಪರ್ಧೆಗೆ ಕಳಿಸಿದರೆ ಅದು ಸುಳ್ಳು. ಧೂಳು ಕ್ಯಾಮೆರಾದ್ದು, ಗಾಳಿಯಂತ್ರ ಊರಿನದು. ಮನೆಯ ಗೋಡೆಗೆ ಹಾಕಿಕೊಳ್ಳಿ, ಗಾಳಿಯಂತ್ರ ತೆಗೆದಿದ್ದೇವೆ ಅಂತ ಬರೆದು ಪ್ರದರ್ಶನಕ್ಕೂ ಇಡಿ, ನನ್ನ ತಕರಾರಿಲ್ಲ. ಇಲ್ಲದಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಒಂದು ಬಂಡೆ ಗಾಳಿಯಂತ್ರಕ್ಕೆ ಅಡ್ಡ ಬರುವ ಹಾಗೆ ನಿಂತುಕೊಳ್ಳಿ. ಅದೂ ಮರೆಮಾಚಿದ ಹಾಗಲ್ವಾ ಅಂತ ಕೇಳಬಹುದು. ಸ್ವಲ್ಪ ಹೌದು. ಆದರೆ ನಾಳೆ ಇನ್ನೊಬ್ಬರು ಅದೇ ಜಾಗದಲ್ಲಿ ನಿಂತರೆ ಅವರಿಗೂ ಅದೇ ನೋಟ ಸಿಗುತ್ತದೆ. ಅಳಿಸಿದ ನೋಟ ಎಲ್ಲಿ ನಿಂತರೂ ಸಿಗುವುದಿಲ್ಲ.

ಸುದ್ದಿಯ ಚಿತ್ರದಲ್ಲಿ ಇದು ಇನ್ನೂ ಬಿಗಿ. 2006ರ ಆಗಸ್ಟಿನಲ್ಲಿ ಬೈರುತ್ ಮೇಲೆ ವಾಯುದಾಳಿ ಆದಾಗ ರಾಯ್ಟರ್ಸ್ ಸುದ್ದಿಸಂಸ್ಥೆಗೆ ಫ್ರೀಲಾನ್ಸ್ ಆಗಿ ಚಿತ್ರ ಕೊಡುತ್ತಿದ್ದ ಅದ್ನಾನ್ ಹಜ್ ಕಳಿಸಿದ ಒಂದು ಫೋಟೋದಲ್ಲಿ ಹೊಗೆಯನ್ನು ಕ್ಲೋನ್ ಮಾಡಿ ಹೆಚ್ಚಿಸಲಾಗಿತ್ತು. ಕಂಡುಹಿಡಿದವರು ಇಂಟರ್‌ನೆಟ್ಟಿನಲ್ಲಿ ನೋಡುತ್ತಿದ್ದ ಓದುಗರು. ಹೊಗೆಯ ಒಂದೇ ಆಕಾರದ ಸುರುಳಿ ಮತ್ತೆ ಮತ್ತೆ ಬಂದಿತ್ತು. ಧೂಳಿನ ಕಲೆ ತೆಗೆಯಲು ಹೋಗಿದ್ದೆ ಅಂತ ಹಜ್ ಹೇಳಿದರು. ರಾಯ್ಟರ್ಸ್ ಆ ಚಿತ್ರ ಹಿಂದಕ್ಕೆ ಪಡೆದು, ಅವರ 920 ಚಿತ್ರಗಳನ್ನೂ ಮಾರಾಟದಿಂದ ತೆಗೆಯಿತು. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ನಾರ್ಸಿಸೋ ಕಾಂಟ್ರೆರಾಸ್ ಜೊತೆಗಿನ ಸಂಬಂಧ ಕಡಿದುಕೊಂಡಿತು. ಸಿರಿಯಾ ಯುದ್ಧದ ಒಂದು ಚಿತ್ರದ ಮೂಲೆಯಲ್ಲಿ ಸಹೋದ್ಯೋಗಿಯ ವಿಡಿಯೋ ಕ್ಯಾಮೆರಾ ಕಾಣುತ್ತಿತ್ತು, ಅದನ್ನು ಅವರು ಅಳಿಸಿದ್ದರು. ಯುದ್ಧದ ಕಥೆ ಅದರಿಂದ ಬದಲಾಗುತ್ತಿರಲಿಲ್ಲ. ಆದರೂ ಸುದ್ದಿಯ ಚಿತ್ರದಲ್ಲಿ ಇದ್ದದ್ದು ಇರಬೇಕು.

ಅಳಿಸಿದ್ದನ್ನು ಹಿಡಿಯುವುದೂ ಕಲಿತುಕೊಳ್ಳಿ, ಕ್ಲಬ್ಬಿನ ಸ್ಪರ್ಧೆಗೆ ಬೇಕಾಗುತ್ತದೆ. ಚಿತ್ರವನ್ನು 200 ಪ್ರತಿಶತ ಹಿಗ್ಗಿಸಿ. ಬಂಡೆಯ ಮೇಲಿನ ಒಂದೇ ಕಲೆ, ಒಂದೇ ಹುಲ್ಲಿನ ಗೊಂಚಲು ಎರಡು ಕಡೆ ಕಂಡರೆ ಅಲ್ಲಿ ಕ್ಲೋನ್ ಆಡಿದೆ. `Colors > Curves` ತೆರೆದು ಗೆರೆಯನ್ನು ತುಂಬಾ ಕಡಿದಾಗಿ ಎಳೆಯಿರಿ. ಮಾಮೂಲಿಯಾಗಿ ಕಾಣದ ತೇಪೆಗಳು ಆಕಾಶದಲ್ಲಿ ನುಣ್ಣನೆಯ ಮಚ್ಚೆಗಳಾಗಿ ಮೇಲೇಳುತ್ತವೆ, ಯಾಕೆಂದರೆ ಸುತ್ತಲೂ ಇರುವ ತರಿ ಅಲ್ಲಿ ಬೇರೆ ತರ ಇರುತ್ತದೆ. ಆದರೆ ನಿಧಾನವಾಗಿ, ಒಳ್ಳೆಯ ಕೈಯಿಂದ ಮಾಡಿದ ಹೀಲ್ ಈ ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳಬಹುದು. ಆಗ ಕ್ಯಾಮೆರಾದ ಮೂಲ ರಾ ಫೈಲ್ ಕೇಳುವುದೇ ದಾರಿ. ಸ್ಪರ್ಧೆಯ ನಿಯಮದಲ್ಲೇ ಅದನ್ನು ಬರೆದಿಡಿ.

ಗಿಂಪ್ ಬಗ್ಗೆ ನನ್ನ ಒಂದೇ ಕೊರಗು ಕೂಡ ಇಲ್ಲೇ ಇದೆ. ಹೀಲ್ ನೇರವಾಗಿ ಪಿಕ್ಸೆಲ್ ಮೇಲೇ ಬರೆಯುತ್ತದೆ. ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲಿನಲ್ಲಿ ಉಳಿಸಿದರೆ ಲೇಯರ್‌ಗಳು ಉಳಿಯುತ್ತವೆ, ಆದರೆ `Undo History` ಉಳಿಯುವುದಿಲ್ಲ. ಫೈಲ್ ಮುಚ್ಚಿದ ಮೇಲೆ ಎಲ್ಲೆಲ್ಲಿ ಕೈಯಾಡಿಸಿದ್ದೇವೆ ಅನ್ನೋದು ಎಲ್ಲೂ ದಾಖಲಾಗಿರುವುದಿಲ್ಲ. 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್‌ಗಳನ್ನು ಆಮೇಲೂ ತೆರೆದು ತಿದ್ದಬಹುದು, ಅದು ದೊಡ್ಡ ಅನುಕೂಲ. ಹೀಲ್‌ಗೆ ಆ ಭಾಗ್ಯ ಬಂದಿಲ್ಲ. ಹಾಗಾಗಿ ಹೊಸ ಆವೃತ್ತಿ ಹಾಕಿಕೊಂಡರೂ ನಕಲು ಲೇಯರ್ ಮಾಡುವುದನ್ನು ಬಿಡಬೇಡಿ. ಕೆಳಗಿನ ಲೇಯರನ್ನು ಮುಟ್ಟದೆ ಇಡಿ, ಮೇಲಿನದಕ್ಕೆ ಕೊನೆಯಲ್ಲಿ `copy` ಅಂತ ಇರುವ ಹೆಸರು ತೆಗೆದು ಏನು ತೆಗೆದಿರೋ ಅದನ್ನೇ ಬರೆಯಿರಿ: ಧೂಳು, ಮಡಿಕೆ, ಮೊಡವೆ. ಮೇಲಿನ ಲೇಯರಿನ ಕಣ್ಣಿನ ಗುರುತು ಒತ್ತಿದರೆ ಯಾರು ಬೇಕಾದರೂ ಮೊದಲಿನ ಚಿತ್ರ ನೋಡಬಹುದು.